ಒಂದೇ ಷೇರಿಗೆ ಎರಡು ತೆರಿಗೆ: ಮೌಲ್ಯಮಾಪನದ ದಿನಾಂಕ ತಂದ ಹತ್ತು ಲಕ್ಷದ ವ್ಯತ್ಯಾಸ

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು, 2023ರ ಸೆಪ್ಟೆಂಬರ್ 1ರಂದು ಕೆಲಸ ಬಿಟ್ಟ ಒಬ್ಬ ಎಂಜಿನಿಯರ್ ಅವರ ಪ್ರಕರಣ ಇದು. ಅವರ ತೆರಿಗೆ ಲೆಕ್ಕ ನೋಡಿಕೊಂಡ ಚಾರ್ಟರ್ಡ್ ಅಕೌಂಟೆಂಟ್ ನಾನು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಕಂಪನಿ, ಹುದ್ದೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಂತೆ ಮೊತ್ತಗಳನ್ನೂ ದಿನಾಂಕಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ನಡೆದದ್ದು ನಡೆದ ಹಾಗೆಯೇ ಇದೆ. ಎಲ್ಲವೂ 1961ರ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದ್ದ ವರ್ಷಗಳಲ್ಲಿ ನಡೆದವು, ಹಾಗಾಗಿ ಇಲ್ಲಿರುವ ಸೆಕ್ಷನ್ ಸಂಖ್ಯೆಗಳೆಲ್ಲ ಆ ಕಾಯ್ದೆಯವು. 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.

ಹಿನ್ನೆಲೆ

2019ರ ಜೂನ್‌ನಲ್ಲಿ ಕಂಪನಿ ಅವರಿಗೆ 6,000 ಆಪ್ಷನ್‌ಗಳನ್ನು ಕೊಟ್ಟಿತ್ತು. ಒಂದೊಂದು ಆಪ್ಷನ್‌ಗೂ 40 ರೂಪಾಯಿ ಕಟ್ಟಿ ಒಂದು ಷೇರು ಪಡೆಯುವ ಹಕ್ಕು. ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಹಕ್ಕು ಪಕ್ವವಾಗುವ ಒಪ್ಪಂದವಿತ್ತು, 2023ರ ಜೂನ್ ಹೊತ್ತಿಗೆ 6,000ವೂ ಪಕ್ವವಾಗಿದ್ದವು. ಅಲ್ಲಿಯವರೆಗೆ ಅವರು ಈ ಬಾಬ್ತಿನಲ್ಲಿ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿರಲಿಲ್ಲ, ಕಟ್ಟಬೇಕಾಗಿಯೂ ಇರಲಿಲ್ಲ. ಆಪ್ಷನ್ ಕೊಟ್ಟಾಗ ತೆರಿಗೆ ಇಲ್ಲ, ಪಕ್ವವಾದಾಗಲೂ ಇಲ್ಲ.

ತೆರಿಗೆ ಹುಟ್ಟುವುದು ಆಪ್ಷನ್ ಚಲಾಯಿಸಿ ಷೇರು ಪಡೆದಾಗ. ಸೆಕ್ಷನ್ 17(2)ರ ಪ್ರಕಾರ, ಆಪ್ಷನ್ ಚಲಾಯಿಸಿದ ದಿನ ಷೇರಿಗೆ ಇದ್ದ ನ್ಯಾಯಯುತ ಮಾರುಕಟ್ಟೆ ಮೌಲ್ಯದಲ್ಲಿ ಉದ್ಯೋಗಿ ಕಟ್ಟಿದ ಬೆಲೆಯನ್ನು ಕಳೆದರೆ ಉಳಿಯುವುದೇ ಪರ್ಕ್ವಿಸಿಟ್, ಅಂದರೆ ಸಂಬಳದ ಜೊತೆಗೆ ಸಿಕ್ಕ ಸವಲತ್ತು. ಅದನ್ನು ಸಂಬಳಕ್ಕೆ ಸೇರಿಸಿ ಸ್ಲ್ಯಾಬ್ ದರದಲ್ಲಿ ತೆರಿಗೆ ಹಾಕುತ್ತಾರೆ. ಕೆಲಸ ಬಿಟ್ಟ ಮೇಲೆ ಚಲಾಯಿಸಿದರೂ ಅದು ಹಳೆಯ ಮಾಲೀಕರು ಕೊಟ್ಟ ಸಂಬಳವೇ. ಮುಂದೆ ಷೇರು ಮಾರಿದಾಗ ಬಂಡವಾಳ ಲಾಭದ ಹೆಸರಿನಲ್ಲಿ ಎರಡನೆಯ ತೆರಿಗೆ ಬರುತ್ತದೆ.

ಕಂಪನಿಯ ಯೋಜನೆಯಲ್ಲಿ ಒಂದು ಷರತ್ತಿತ್ತು: ಕೆಲಸ ಬಿಟ್ಟವರು 90 ದಿನಗಳೊಳಗೆ ಚಲಾಯಿಸಬೇಕು, ಇಲ್ಲವಾದರೆ ಹಕ್ಕು ರದ್ದು. ಸೆಪ್ಟೆಂಬರ್ 1ರಿಂದ ಎಣಿಸಿದರೆ ಕೊನೆಯ ದಿನ ನವೆಂಬರ್ 30. ಅವರು ನನ್ನ ಬಳಿ ಬಂದದ್ದು ಅಕ್ಟೋಬರ್ ಮಧ್ಯದಲ್ಲಿ.

ಸಮಸ್ಯೆ

ಎಚ್‌ಆರ್ ಕಳುಹಿಸಿದ್ದ ಲೆಕ್ಕದ ಹಾಳೆಯನ್ನು ಅವರು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಷೇರಿನ ಮೌಲ್ಯ 1,240 ರೂಪಾಯಿ ಎಂದಿತ್ತು. 40 ಕಳೆದರೆ ಷೇರೊಂದಕ್ಕೆ 1,200 ರೂಪಾಯಿ ಪರ್ಕ್ವಿಸಿಟ್. 6,000 ಷೇರುಗಳಿಗೆ 72 ಲಕ್ಷ.

ಹಳೆಯ ಮತ್ತು ಹೊಸ ಕಂಪನಿಗಳ ಸಂಬಳ ಸೇರಿ ಆ ವರ್ಷ ಅವರಿಗೆ 36.5 ಲಕ್ಷ ಬರುವುದಿತ್ತು. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 36 ಲಕ್ಷಕ್ಕೆ, 2023-24ರ ಹೊಸ ತೆರಿಗೆ ಪದ್ಧತಿಯಲ್ಲಿ, ಸೆಸ್ ಸೇರಿ 8.11 ಲಕ್ಷ ತೆರಿಗೆ. 72 ಲಕ್ಷ ಸೇರಿದರೆ ಆದಾಯ 1.08 ಕೋಟಿಗೆ ಏರುತ್ತದೆ. ಒಂದು ಕೋಟಿ ದಾಟಿದ್ದರಿಂದ ತೆರಿಗೆಯ ಮೇಲೆ ಶೇ 15ರಷ್ಟು ಸರ್ಚಾರ್ಜ್, ಒಟ್ಟು ತೆರಿಗೆ 35.16 ಲಕ್ಷ. ಅಂದರೆ ಆಪ್ಷನ್ ಚಲಾಯಿಸಿದ್ದಕ್ಕಾಗಿಯೇ ಕಟ್ಟಬೇಕಾದ ಹೆಚ್ಚುವರಿ ತೆರಿಗೆ 27.05 ಲಕ್ಷ. ಅದರ ಮೇಲೆ ಷೇರಿನ ಬೆಲೆ 2.4 ಲಕ್ಷ. ಅವರ ಕೈಯಲ್ಲಿದ್ದ ಉಳಿತಾಯ 20 ಲಕ್ಷ.

ಕಂಪನಿ ಷೇರುಪೇಟೆಯಲ್ಲಿ ಇರಲಿಲ್ಲ. ಒಂದಷ್ಟು ಷೇರು ಮಾರಿ ತೆರಿಗೆ ಕಟ್ಟೋಣವೆಂದರೆ ಕೊಳ್ಳುವವರಿಲ್ಲ. ಕೈಗೆ ಹಣ ಬಾರದೆಯೇ ತೆರಿಗೆ ಬರುವುದು ಇಸಾಪ್‌ನ, ಅಂದರೆ ಉದ್ಯೋಗಿಗಳಿಗೆ ಷೇರು ಆಪ್ಷನ್ ಕೊಡುವ ಇಂಥ ಯೋಜನೆಗಳ, ಹಳೆಯ ಗೋಳು. ಇದಕ್ಕಾಗಿಯೇ 2020ರ ಹಣಕಾಸು ಕಾಯ್ದೆ ಸೆಕ್ಷನ್ 192(1ಸಿ) ಮೂಲಕ ಒಂದು ರಿಯಾಯಿತಿ ತಂದಿತು: ಸ್ಟಾರ್ಟಪ್ ಉದ್ಯೋಗಿಗಳು ಈ ತೆರಿಗೆಯನ್ನು ಕೆಲವು ವರ್ಷ ಮುಂದೂಡಬಹುದು. ‘ಸರ್, ನಮ್ಮದು ಸ್ಟಾರ್ಟಪ್ ಎಂದು ಸರ್ಕಾರವೇ ಗುರುತಿಸಿದೆಯಲ್ಲ?’ ಎಂದು ಅವರು ಕೇಳಿದರು. ಗುರುತಿಸಿದ್ದು ನಿಜ. ಆದರೆ ಈ ರಿಯಾಯಿತಿಗೆ ಆ ಮಾನ್ಯತೆ ಸಾಲದು, ಸೆಕ್ಷನ್ 80-ಐಎಸಿ ಅಡಿಯಲ್ಲಿ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಬೇಕು, ಮತ್ತು ಕಂಪನಿ 2016ರ ಏಪ್ರಿಲ್ 1ರಂದು ಅಥವಾ ಆಮೇಲೆ ನೋಂದಣಿಯಾಗಿರಬೇಕು. ಇವರ ಕಂಪನಿ ಹುಟ್ಟಿದ್ದು 2014ರಲ್ಲಿ. ಅರ್ಹತೆ ಇದ್ದಿದ್ದರೂ ಇವರಿಗೆ ಪ್ರಯೋಜನವಾಗುತ್ತಿರಲಿಲ್ಲ. ಕೆಲಸ ಬಿಟ್ಟ ದಿನವೇ ಆ ಮುಂದೂಡಿಕೆಯೂ ಮುಗಿಯುತ್ತದೆ, ಅವರೋ ಆಗಲೇ ಕೆಲಸ ಬಿಟ್ಟಿದ್ದರು.

ಏನೇನು ಯೋಚಿಸಿದೆವು

ಅವರು ತಮ್ಮಷ್ಟಕ್ಕೆ ಒಂದು ನಿರ್ಧಾರಕ್ಕೆ ಬಂದಿದ್ದರು: ಅರ್ಧದಷ್ಟು, ಅಂದರೆ 3,000 ಆಪ್ಷನ್ ಚಲಾಯಿಸಿ ಉಳಿದದ್ದನ್ನು ಬಿಟ್ಟುಬಿಡುವುದು. 90 ದಿನದ ಗಡುವನ್ನು ವಿಸ್ತರಿಸಲು ಕಂಪನಿಯನ್ನು ಕೇಳಿಯೂ ಇದ್ದರು, ಆಗುವುದಿಲ್ಲ ಎಂಬ ಉತ್ತರ ಬಂದಿತ್ತು. ವೈಯಕ್ತಿಕ ಸಾಲ ತೆಗೆಯುವ ಮಾತೂ ಬಂತು. ಮಾರುಕಟ್ಟೆಯೇ ಇಲ್ಲದ ಷೇರಿನ ತೆರಿಗೆಗಾಗಿ ಬಡ್ಡಿ ಕಟ್ಟುವುದು ನನಗೆ ಸರಿ ಕಾಣಲಿಲ್ಲ, ಹಾಗೆಂದು ಹೇಳಿದೆ.

ಆಮೇಲೆ ನಾನು ಕೇಳಿದ್ದು ಒಂದನ್ನೇ: ಆ 1,240 ರೂಪಾಯಿ ಎಲ್ಲಿಂದ ಬಂತು? ಮೌಲ್ಯಮಾಪನ ವರದಿಯ ಪ್ರತಿ ತರಿಸಿ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಈ ಪ್ರಶ್ನೆ ಏಳುವುದಿಲ್ಲ. ಚಲಾಯಿಸಿದ ದಿನದ ಆರಂಭದ ಬೆಲೆ ಮತ್ತು ಮುಕ್ತಾಯದ ಬೆಲೆಯ ಸರಾಸರಿಯೇ ಮೌಲ್ಯ. ಪೇಟೆಯಲ್ಲಿಲ್ಲದ ಕಂಪನಿಗೆ ಆದಾಯ ತೆರಿಗೆ ನಿಯಮ 3(8) ಬೇರೆ ದಾರಿ ಹೇಳುತ್ತದೆ. ಸೆಬಿಯಲ್ಲಿ ನೋಂದಾಯಿತವಾದ ಮೊದಲ ವರ್ಗದ ಮರ್ಚೆಂಟ್ ಬ್ಯಾಂಕರ್ ಒಬ್ಬರು ಮೌಲ್ಯ ನಿಗದಿ ಮಾಡಬೇಕು. ಹೂಡಿಕೆದಾರರಿಗೆ ಷೇರು ಕೊಡುವಾಗ ಬೇರೆ ನಿಯಮದಡಿ ಮಾಡಿಸಿದ ವರದಿ ಇಲ್ಲಿ ಸಲ್ಲುವುದಿಲ್ಲ. ಕಳೆದ ಸುತ್ತಿನಲ್ಲಿ ಹೂಡಿಕೆದಾರರು ಕೊಟ್ಟ ಬೆಲೆಯೂ ಅಷ್ಟೇ, ಅವರು ಕೊಂಡದ್ದು ಹೆಚ್ಚಿನ ಹಕ್ಕುಗಳಿರುವ ಆದ್ಯತಾ ಷೇರು, ಉದ್ಯೋಗಿಗೆ ಸಿಗುವುದು ಸಾಮಾನ್ಯ ಷೇರು. ಮರ್ಚೆಂಟ್ ಬ್ಯಾಂಕರ್ ಯಾವ ದಿನಕ್ಕೆ ಮೌಲ್ಯ ಕಟ್ಟಬೇಕು ಎಂಬುದನ್ನೂ ನಿಯಮವೇ ಹೇಳುತ್ತದೆ: ಆಪ್ಷನ್ ಚಲಾಯಿಸಿದ ದಿನಕ್ಕೆ, ಇಲ್ಲವೇ ಅದಕ್ಕಿಂತ ಹಿಂದಿನ ಒಂದು ದಿನಕ್ಕೆ. ಆ ಹಿಂದಿನ ದಿನ 180 ದಿನಗಳಿಗಿಂತ ಹಿಂದಿನದಾಗಿರಬಾರದು.

ವರದಿ ಬಂತು. ಮರ್ಚೆಂಟ್ ಬ್ಯಾಂಕರ್‌ದೇ, ಅದರಲ್ಲಿ ತಕರಾರಿಲ್ಲ. ಕೊನೆಯ ಪುಟದಲ್ಲಿ ಸಹಿಯ ಕೆಳಗೆ 2023ರ ಜೂನ್ 20 ಎಂದಿತ್ತು. ಎರಡನೆಯ ಪುಟದಲ್ಲಿ, ವರದಿಯ ಉದ್ದೇಶ ಹೇಳುವ ಪ್ಯಾರಾದಲ್ಲಿ, ‘2023ರ ಮೇ 10ಕ್ಕೆ ಇದ್ದಂತೆ’ ಮೌಲ್ಯ ಎಂದಿತ್ತು. ಎಚ್‌ಆರ್ ವಿಭಾಗ ಎಣಿಸಿದ್ದು ಸಹಿಯ ದಿನಾಂಕದಿಂದ. ಜೂನ್ 20ಕ್ಕೆ 180 ದಿನ ಸೇರಿಸಿದರೆ ಡಿಸೆಂಬರ್ 17 ಆಗುತ್ತದೆ, ಹಾಗಾಗಿ ನವೆಂಬರ್ 30ರವರೆಗೂ ಇದೇ ವರದಿ ನಡೆಯುತ್ತದೆ ಎಂದು ಅವರು ಭಾವಿಸಿದ್ದರು. ಆದರೆ ನಿಯಮ ಕೇಳುವುದು ಯಾವ ದಿನಕ್ಕೆ ಮೌಲ್ಯ ಕಟ್ಟಲಾಗಿದೆ ಎಂಬುದನ್ನು. ಬ್ಯಾಂಕರ್ ಯಾವತ್ತು ಸಹಿ ಹಾಕಿದರು ಎಂಬುದನ್ನಲ್ಲ. ಮೇ 10ರಿಂದ ಎಣಿಸಿದರೆ 180ನೆಯ ದಿನ ನವೆಂಬರ್ 6. ನವೆಂಬರ್ 6ರ ನಂತರ ಚಲಾಯಿಸುವವರಿಗೆ ಆ 1,240 ರೂಪಾಯಿ ಅನ್ವಯಿಸುವುದೇ ಇಲ್ಲ.

ತಿರುವು

ಇಲ್ಲಿ ಕಾಯುವುದೋ ಬೇಡವೋ ಎಂಬ ಪ್ರಶ್ನೆ ಎದುರಾಯಿತು. ಹೊಸ ವರದಿಯಲ್ಲಿ ಮೌಲ್ಯ ಏರಿದ್ದರೆ ಕಾದದ್ದೇ ನಷ್ಟ. ಇಳಿಯಬಹುದು ಎನ್ನಲು ನಮ್ಮ ಬಳಿ ಒಂದೆರಡು ಕಾರಣಗಳಿದ್ದವು. 2023ರಲ್ಲಿ ಸ್ಟಾರ್ಟಪ್‌ಗಳಿಗೆ ಹೊಸ ಬಂಡವಾಳ ಸಿಗುವುದು ಕಷ್ಟವಾಗಿತ್ತು. ಈ ಕಂಪನಿಯೂ ಹಿಂದಿನ ಬೆಲೆಗಿಂತ ಕಡಿಮೆಗೆ ಹಣ ಎತ್ತಲು ಹೊರಟಿದೆ ಎಂದು ಕಂಪನಿಯೇ ಷೇರುದಾರರಿಗೂ ಉದ್ಯೋಗಿಗಳಿಗೂ ತಿಳಿಸಿತ್ತು. ಸೆಪ್ಟೆಂಬರ್ 30ಕ್ಕೆ ಇದ್ದಂತೆ ಹೊಸ ಮೌಲ್ಯಮಾಪನ ಮಾಡಿಸಲು ನಿರ್ದೇಶಕ ಮಂಡಳಿ ಆಗಲೇ ತೀರ್ಮಾನಿಸಿತ್ತು.

ಮೌಲ್ಯ ಇಳಿದರೆ ತೆರಿಗೆ ಏಕೆ ಉಳಿಯುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಅನೇಕರು ಎಡವುವುದು ಇಲ್ಲೇ. ಪರ್ಕ್ವಿಸಿಟ್ ಲೆಕ್ಕಕ್ಕೆ ಹಿಡಿದ ಮೌಲ್ಯವೇ ಮುಂದೆ ಮಾರುವಾಗ ಆ ಷೇರಿನ ಖರೀದಿ ಬೆಲೆಯಾಗುತ್ತದೆ. ಸೆಕ್ಷನ್ 49(2ಎಎ) ಹೇಳುವುದು ಇದನ್ನೇ. ಹಾಗಾಗಿ ಇಂದು ಕಡಿಮೆ ಮೌಲ್ಯ ಹಿಡಿದರೆ ನಾಳೆ ಬಂಡವಾಳ ಲಾಭ ಅಷ್ಟೇ ಹೆಚ್ಚುತ್ತದೆ, ತೆರಿಗೆಗೆ ಒಳಪಡುವ ಒಟ್ಟು ಮೊತ್ತ ಬದಲಾಗುವುದಿಲ್ಲ. ‘ಹಾಗಾದರೆ ಎಲ್ಲಿ ಕೊಟ್ಟರೇನು?’ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇರುವುದು ದರದಲ್ಲಿ ಮತ್ತು ಸಮಯದಲ್ಲಿ. ಸಂಬಳವಾಗಿ ಬಂದ ಭಾಗಕ್ಕೆ ಶೇ 30 ಮತ್ತು ಅದರ ಮೇಲಿನ ಸರ್ಚಾರ್ಜ್, ಅದೂ ಇಂದೇ, ಕೈಗೆ ಕಾಸು ಬರುವ ಮೊದಲೇ. ದೀರ್ಘಾವಧಿ ಬಂಡವಾಳ ಲಾಭಕ್ಕೆ ದರ ಕಡಿಮೆ, ಕಟ್ಟುವುದು ಮಾರಿ ಹಣ ಬಂದ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ಷೇರಿನ ಬೆಲೆ ಮುಂದೆ ಕುಸಿದರೆ ಸಂಬಳವೆಂದು ಕಟ್ಟಿದ ತೆರಿಗೆ ಹಿಂದಿರುಗುವುದಿಲ್ಲ. ಬಂಡವಾಳ ನಷ್ಟವನ್ನು ಸಂಬಳದ ಆದಾಯದೊಂದಿಗೆ ಹೊಂದಿಸಲು ಕಾನೂನು ಬಿಡುವುದಿಲ್ಲ.

ಕಾಯುವುದೆಂದು ನಿರ್ಧರಿಸಿದೆವು. ಅಪಾಯವೊಂದಿತ್ತು: ನವೆಂಬರ್ 30ರೊಳಗೆ ಹೊಸ ವರದಿ ಬಾರದಿದ್ದರೆ? ಅದಕ್ಕೂ ದಾರಿ ಇತ್ತು. ಚಲಾಯಿಸುವ ಅರ್ಜಿ ಮತ್ತು 2.4 ಲಕ್ಷ ಗಡುವಿನೊಳಗೆ ತಲುಪಿದ್ದರೆ ಹಕ್ಕು ಉಳಿಯುತ್ತದೆ. ಮೌಲ್ಯವನ್ನು ಆ ದಿನಕ್ಕೆ ಇದ್ದಂತೆ ಆಮೇಲೆ ಕಟ್ಟಿಸಬಹುದು. ವರದಿ ಕೈಗೆ ಬರುವ ದಿನಕ್ಕೂ ಹಕ್ಕಿನ ಗಡುವಿಗೂ ಸಂಬಂಧವಿಲ್ಲ.

ಕಂಪನಿ ಸುಲಭವಾಗಿ ಒಪ್ಪಲಿಲ್ಲ. ‘ಮೇಡಂ, ಎಲ್ಲರಿಗೂ ಇದೇ ವರದಿ ಬಳಸಿದ್ದೇವೆ, ನಿಮಗೊಬ್ಬರಿಗೆ ಬೇರೆ ಮಾಡಲಾಗುವುದಿಲ್ಲ’ ಎಂದು ಎಚ್‌ಆರ್ ಮೇಲ್ ಬಂತು. ಅದಕ್ಕೆ ನಾನು ಕರಡು ಬರೆದುಕೊಟ್ಟ ಉತ್ತರ ಚಿಕ್ಕದು. ರಿಯಾಯಿತಿ ಕೇಳುತ್ತಿಲ್ಲ, ನಿಯಮ 3(8)ರ ಪ್ರಕಾರ ನವೆಂಬರ್ 6ರ ನಂತರ ಈ ವರದಿಯ ಅವಧಿ ಮುಗಿಯುತ್ತದೆ, ಟಿಡಿಎಸ್ ಸರಿಯಾಗಿ ಕಡಿಯುವ ಹೊಣೆ ಕಂಪನಿಯದು, ದಯವಿಟ್ಟು ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ. ಜೊತೆಗೆ ವರದಿಯ ಎರಡನೆಯ ಪುಟದ ಆ ಪ್ಯಾರಾಕ್ಕೆ ಗೆರೆ ಎಳೆದು ಲಗತ್ತಿಸಿದೆವು. ಸಲಹೆಗಾರರು ನಮ್ಮ ಎಣಿಕೆಯೇ ಸರಿ ಎಂದರು. ಹೊಸ ವರದಿ ಬರುವವರೆಗೆ ಯಾರ ಅರ್ಜಿಯನ್ನೂ ಹಳೆಯ ಮೌಲ್ಯದಲ್ಲಿ ತೆಗೆದುಕೊಳ್ಳಬಾರದೆಂದು ಕಂಪನಿ ತೀರ್ಮಾನಿಸಿತು. ಇಂಥ ಪತ್ರಗಳಲ್ಲಿ ಕೋಪಕ್ಕಿಂತ ಪುಟಸಂಖ್ಯೆ ಹೆಚ್ಚು ಕೆಲಸ ಮಾಡುತ್ತದೆ.

ನವೆಂಬರ್ 16ರಂದು ಹೊಸ ವರದಿ ಬಂತು. ಸೆಪ್ಟೆಂಬರ್ 30ಕ್ಕೆ ಇದ್ದಂತೆ ಮೌಲ್ಯ 820 ರೂಪಾಯಿ. ನವೆಂಬರ್ 22ರಂದು ಅವರು 6,000 ಆಪ್ಷನ್‌ಗಳನ್ನೂ ಚಲಾಯಿಸಿದರು. ಡಿಸೆಂಬರ್ 14ರಂದು ನಿರ್ದೇಶಕ ಮಂಡಳಿ ಷೇರು ಹಂಚಿಕೆ ಮಾಡಿತು.

ಮೊದಲ ತೆರಿಗೆಯ ಲೆಕ್ಕ

820ರಲ್ಲಿ 40 ಕಳೆದರೆ 780. ಆರು ಸಾವಿರ ಷೇರುಗಳಿಗೆ ಪರ್ಕ್ವಿಸಿಟ್ 46.8 ಲಕ್ಷ. ಒಟ್ಟು ಆದಾಯ 82.8 ಲಕ್ಷ, ಒಂದು ಕೋಟಿಯ ಒಳಗಾದ್ದರಿಂದ ಸರ್ಚಾರ್ಜ್ ಶೇ 10ಕ್ಕೆ ಇಳಿಯಿತು. ಒಟ್ಟು ತೆರಿಗೆ 24.98 ಲಕ್ಷ, ಅದರಲ್ಲಿ ಆಪ್ಷನ್‌ನಿಂದ ಬಂದ ಹೆಚ್ಚುವರಿ ಭಾಗ 16.87 ಲಕ್ಷ. ಹಳೆಯ ಮೌಲ್ಯದಲ್ಲಿ 27.05 ಲಕ್ಷವಾಗುತ್ತಿತ್ತು. ವ್ಯತ್ಯಾಸ ಹತ್ತು ಲಕ್ಷಕ್ಕೂ ಸ್ವಲ್ಪ ಹೆಚ್ಚು. ಅರ್ಧ ಆಪ್ಷನ್ ಬಿಟ್ಟುಬಿಡಬೇಕಾದ ಪ್ರಸಂಗವೂ ತಪ್ಪಿತು.

ಇದರಲ್ಲಿ ಸುಮಾರು 14.3 ಲಕ್ಷವನ್ನು ಹಳೆಯ ಕಂಪನಿ ಟಿಡಿಎಸ್ ಆಗಿ ಕೇಳಿತು. ಅಲ್ಲಿ ಅವರಿಗೆ ಬರಬೇಕಾದ ಸಂಬಳ ಏನೂ ಉಳಿದಿರಲಿಲ್ಲವಾದ್ದರಿಂದ, ಅವರೇ ಕಂಪನಿಯ ಖಾತೆಗೆ ಹಣ ಹಾಕಬೇಕಾಯಿತು. ಕಂಪನಿ ಅದನ್ನು ಸರ್ಕಾರಕ್ಕೆ ಕಟ್ಟಿತು. ಆ ಹಣ ತಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ಫಾರ್ಮ್ 26ಎಎಸ್ ನೋಡಿ ಖಚಿತಪಡಿಸಿಕೊಂಡರು. ಪರ್ಕ್ವಿಸಿಟ್ ಮೊತ್ತ ಫಾರ್ಮ್ 16ರ ಜೊತೆ ಬರುವ ಫಾರ್ಮ್ 12ಬಿಎಯಲ್ಲಿ ಷೇರು ಆಪ್ಷನ್ ಎಂಬ ಪ್ರತ್ಯೇಕ ಸಾಲಿನಲ್ಲಿ ಬರುತ್ತದೆ. ಎರಡನೆಯ ತೆರಿಗೆಯ ಹೊತ್ತಿಗೆ ಈ ಹಾಳೆ ಬೇಕೇ ಬೇಕು.

ಆದರೂ ಸುಮಾರು ನಾಲ್ಕು ಲಕ್ಷ ಕೊರತೆ ಉಳಿಯಿತು. ಕಾರಣ, ಎರಡೂ ಕಂಪನಿಗಳು ತಾವು ಕೊಡುವ ಸಂಬಳವನ್ನಷ್ಟೇ ನೋಡಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಕೆಳಗಿನ ಸ್ಲ್ಯಾಬ್‌ಗಳ ಲಾಭವನ್ನು ತಲಾ ಒಂದೊಂದು ಬಾರಿ ಕೊಟ್ಟಿದ್ದವು. ಫಾರ್ಮ್ 12ಬಿ ಮೂಲಕ ಹಳೆಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಟ್ಟಿದ್ದರೆ ಅವರೇ ಕಡಿಯುತ್ತಿದ್ದರು. ತಮ್ಮ ಷೇರಿನ ವಿಷಯ ಹೊಸ ಕಚೇರಿಗೆ ತಿಳಿಯುವುದು ಎಂಜಿನಿಯರ್ ಅವರಿಗೆ ಇಷ್ಟವಿರಲಿಲ್ಲ, ಹಾಗಾಗಿ ಮುಂಗಡ ತೆರಿಗೆಯ ಕಂತುಗಳಲ್ಲಿ ಕಟ್ಟಿದರು. ಕಟ್ಟದೆ ರಿಟರ್ನ್ ಸಲ್ಲಿಸುವವರೆಗೆ ಬಿಟ್ಟಿದ್ದರೆ ಬಡ್ಡಿ ಬೀಳುತ್ತಿತ್ತು.

ಎರಡನೆಯ ತೆರಿಗೆಗೆ ಮುನ್ನ ಬಂದ ಆಮಿಷ

2025ರ ಫೆಬ್ರುವರಿಯಲ್ಲಿ ಕಂಪನಿ ಷೇರುಗಳನ್ನು ಮರುಖರೀದಿ ಮಾಡುವುದಾಗಿ ಹೇಳಿತು. ಬೆಲೆ 900 ರೂಪಾಯಿ, ಒಬ್ಬೊಬ್ಬರಿಂದ 2,000 ಷೇರುಗಳವರೆಗೆ. ಕೈಗೆ ಕಾಸು ಬರುವ ಮೊದಲ ಅವಕಾಶ ಅದು. 820ರ ಷೇರು 900ಕ್ಕೆ ಹೋದರೆ 80 ರೂಪಾಯಿ ಲಾಭ, ಅದಕ್ಕೆ ತೆರಿಗೆ ಎಷ್ಟಾದೀತು ಎಂದು ಅವರು ಸಂತೋಷದಿಂದಲೇ ಕೇಳಿದರು.

ಹಾಗೆ ಲೆಕ್ಕ ಹಾಕುವಂತಿರಲಿಲ್ಲ. 2024ರ ಸೆಪ್ಟೆಂಬರ್ ಕೊನೆಯವರೆಗೆ ಮರುಖರೀದಿಯ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಷೇರುದಾರರಿಗೆ ತೆರಿಗೆ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದ ನಿಯಮದಲ್ಲಿ ಮರುಖರೀದಿಯಿಂದ ಬಂದ ಪೂರ್ತಿ ಮೊತ್ತವನ್ನು ಲಾಭಾಂಶವೆಂದು ಪರಿಗಣಿಸಿ ಸ್ಲ್ಯಾಬ್ ದರದಲ್ಲಿ ತೆರಿಗೆ ಹಾಕುತ್ತಿದ್ದರು. ಖರೀದಿ ಬೆಲೆಯನ್ನು ಅದರಿಂದ ಕಳೆಯುವಂತಿರಲಿಲ್ಲ. ಅದು ಪ್ರತ್ಯೇಕವಾಗಿ ಬಂಡವಾಳ ನಷ್ಟವಾಗುತ್ತಿತ್ತು. 2,000 ಷೇರುಗಳಿಗೆ 18 ಲಕ್ಷ ಲಾಭಾಂಶ. ಸರ್ಚಾರ್ಜ್ ಬಿಟ್ಟು, ಶೇ 31.2ರಂತೆ ತೆರಿಗೆ 5.6 ಲಕ್ಷ. ನಿಜವಾದ ಲಾಭ 1.6 ಲಕ್ಷ ಮಾತ್ರ. ಮಿಕ್ಕ 16.4 ಲಕ್ಷ ಬಂಡವಾಳ ನಷ್ಟವಾಗಿ ಎಂಟು ವರ್ಷ ಮುಂದಕ್ಕೆ ಹೋಗುತ್ತಿತ್ತು, ಬೇರೆ ಬಂಡವಾಳ ಲಾಭ ಬಂದಾಗ ಮಾತ್ರ ಉಪಯೋಗ. ಇವರಿಗೋ ಬೇರೆ ಹೂಡಿಕೆಗಳು ಬಹಳವೇನೂ ಇರಲಿಲ್ಲ.

ಈಗಾಗಲೇ ಸಂಬಳವೆಂದು ತೆರಿಗೆ ಕಟ್ಟಿದ 780 ರೂಪಾಯಿಯ ಮೇಲೆ ಲಾಭಾಂಶವೆಂದು ಇನ್ನೊಮ್ಮೆ ಕಟ್ಟಿದಂತಾಗುತ್ತಿತ್ತು. ಸಾಮಾನ್ಯ ಮಾರಾಟದಲ್ಲಿ ಒಂದೇ ರೂಪಾಯಿಗೆ ಎರಡು ಬಾರಿ ತೆರಿಗೆ ಬೀಳುವುದಿಲ್ಲ, ಬೇರೆ ಬೇರೆ ಭಾಗಗಳಿಗೆ ಬೀಳುತ್ತದೆ. ಇಲ್ಲಿ ಮಾತ್ರ ನಿಜವಾಗಿಯೂ ಎರಡು ಬಾರಿ ಬೀಳುತ್ತಿತ್ತು. ಅವರು ಮರುಖರೀದಿಗೆ ಒಪ್ಪಲಿಲ್ಲ. ಹಣದ ತುರ್ತು ಇದ್ದವರು ಕೆಲವರು ಒಪ್ಪಿದರು. ಅವರ ಅಗತ್ಯ ಅವರಿಗೆ ಗೊತ್ತು.

ಮಾರಾಟ

2025ರ ಅಕ್ಟೋಬರ್‌ನಲ್ಲಿ ಒಂದು ಹೂಡಿಕೆ ನಿಧಿ ಹಳೆಯ ಉದ್ಯೋಗಿಗಳಿಂದ ನೇರವಾಗಿ ಷೇರು ಕೊಳ್ಳಲು ಮುಂದೆ ಬಂತು. ಬೆಲೆ 1,050 ರೂಪಾಯಿ, ಇವರಿಂದ 4,000 ಷೇರು. ಕೊಳ್ಳುವವರು ಕಂಪನಿಯಲ್ಲ, ಮೂರನೆಯವರು. ಹಾಗಾಗಿ ಇದು ಮರುಖರೀದಿಯಲ್ಲ, ಸಾಮಾನ್ಯ ಮಾರಾಟ. ನವೆಂಬರ್ ಕೊನೆಗೆ ವ್ಯವಹಾರ ಮುಗಿಸೋಣ ಎಂದರು.

ಪೇಟೆಯಲ್ಲಿಲ್ಲದ ಷೇರು ದೀರ್ಘಾವಧಿಯದಾಗಲು 24 ತಿಂಗಳಿಗಿಂತ ಹೆಚ್ಚು ಕಾಲ ಕೈಯಲ್ಲಿರಬೇಕು. ಎಂಜಿನಿಯರ್ ಅವರು ಚಲಾಯಿಸಿದ ದಿನದಿಂದ, ಅಂದರೆ 2023ರ ನವೆಂಬರ್ 22ರಿಂದ ಎಣಿಸಿ, ನವೆಂಬರ್ ಕೊನೆಗೆ ಎರಡು ವರ್ಷ ತುಂಬಿರುತ್ತದೆ ಎಂದು ನಿಶ್ಚಿಂತರಾಗಿದ್ದರು. ಕಾಯ್ದೆಯಲ್ಲಿ ಎಣಿಕೆ ಶುರುವಾಗುವುದು ಷೇರು ಹಂಚಿಕೆಯಾದ ದಿನದಿಂದ. ಅದು ಡಿಸೆಂಬರ್ 14. ಮೌಲ್ಯಕ್ಕೆ ಒಂದು ದಿನಾಂಕ, ಅವಧಿಗೆ ಇನ್ನೊಂದು: ಇದನ್ನು ಕಲಸುಮೇಲೋಗರ ಮಾಡಿಕೊಂಡವರನ್ನು ನಾನು ಬಹಳ ಮಂದಿ ಕಂಡಿದ್ದೇನೆ.

ನವೆಂಬರ್‌ನಲ್ಲಿ ಮಾರಿದ್ದರೆ ಲಾಭ ಷೇರಿಗೆ 230 ರೂಪಾಯಿಯಂತೆ 9.2 ಲಕ್ಷ, ಅಲ್ಪಾವಧಿಯದು, ಸ್ಲ್ಯಾಬ್ ದರದಲ್ಲಿ ಸೆಸ್ ಸೇರಿ ತೆರಿಗೆ 2.87 ಲಕ್ಷ. ಡಿಸೆಂಬರ್ 14 ದಾಟಿದ ಮೇಲೆ ಮಾರಿದರೆ ಅದೇ ಲಾಭ ದೀರ್ಘಾವಧಿಯದು. 2024ರ ಜುಲೈ 23ರಿಂದ ಜಾರಿಯಲ್ಲಿದ್ದ ಶೇ 12.5ರ ದರದಲ್ಲಿ, ಸೆಸ್ ಸೇರಿ ಶೇ 13ರಂತೆ, 1.196 ಲಕ್ಷ. ಆ ವರ್ಷ ಅವರ ಇತರ ಆದಾಯ 38 ಲಕ್ಷವಿದ್ದು, ಲಾಭ ಸೇರಿಯೂ 50 ಲಕ್ಷ ದಾಟದ್ದರಿಂದ ಸರ್ಚಾರ್ಜ್ ಇರಲಿಲ್ಲ. ಎರಡು ಮೂರು ವಾರ ಮುಂದೂಡಿದರೆ 1.67 ಲಕ್ಷ ಉಳಿತಾಯ. ಷೇರುಗಳನ್ನು ಡಿಮ್ಯಾಟ್ ಖಾತೆಗೆ ತರುವ ಕೆಲಸವೂ ಮುಗಿದಿರಲಿಲ್ಲ. ಆ ಕಾರಣ ಹೇಳಿ ದಿನಾಂಕ ಮುಂದಕ್ಕೆ ಹಾಕಲು ಕೇಳಿದಾಗ ನಿಧಿಯವರು ಆಕ್ಷೇಪಿಸಲಿಲ್ಲ. ಡಿಸೆಂಬರ್ 18ರಂದು ಷೇರು ವರ್ಗಾವಣೆಯಾಯಿತು. ತೆರಿಗೆಯನ್ನು ಮಾರ್ಚ್ 15ರ ಮುಂಗಡ ಕಂತಿಗೆ ಇಟ್ಟುಕೊಂಡೆವು.

ಮಾರಾಟದ ಕಾಗದಪತ್ರಗಳ ಜೊತೆಗೆ ಮಧ್ಯವರ್ತಿ ಸಂಸ್ಥೆ ಒಂದು ತೆರಿಗೆ ಅಂದಾಜನ್ನೂ ಕಳುಹಿಸಿತ್ತು. ಅದರಲ್ಲಿ ಖರೀದಿ ಬೆಲೆಯ ಕಾಲಂನಲ್ಲಿ 40 ರೂಪಾಯಿ ಎಂದಿತ್ತು, ಏಕೆಂದರೆ ಉದ್ಯೋಗಿ ಕೈಯಿಂದ ಕೊಟ್ಟದ್ದು ಅಷ್ಟೇ. ಆ ಲೆಕ್ಕದಲ್ಲಿ ಲಾಭ ಷೇರಿಗೆ 1,010, ಒಟ್ಟು 40.4 ಲಕ್ಷ, ತೆರಿಗೆ ಸರ್ಚಾರ್ಜ್ ಇಲ್ಲದೆಯೇ 5.25 ಲಕ್ಷ. ಸಂಬಳವೆಂದು ತೆರಿಗೆ ಕಟ್ಟಿದ 780 ರೂಪಾಯಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸರಿಯಾದ ಬೆಲೆ 820. ಅದಕ್ಕೆ ಸಾಕ್ಷಿಯಾಗಿ ನಾವು ಇಟ್ಟುಕೊಂಡದ್ದು 2023-24ರ ಫಾರ್ಮ್ 12ಬಿಎ, ಮರ್ಚೆಂಟ್ ಬ್ಯಾಂಕರ್ ವರದಿ ಮತ್ತು ಹಂಚಿಕೆ ಪತ್ರ. 12ಬಿಎ ಹಾಳೆಯಲ್ಲಿರುವ 46.8 ಲಕ್ಷವನ್ನು 6,000ದಿಂದ ಭಾಗಿಸಿ 40 ಕೂಡಿಸಿದರೆ 820 ಬರುತ್ತದೆ. ಹಳೆಯ ಷೇರುಗಳನ್ನು ಮಾರುವ ಯಾರಾದರೂ ಮಾಡಿ ನೋಡಬಹುದಾದ ತಾಳೆ ಇದು. ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ಕೂಡಿಸಿ ನೋಡಿದರೆ

ಅವರಿಗೆ ಷೇರಿನಿಂದ ಬಂದ ನಿಜವಾದ ಲಾಭ 1,050ರಲ್ಲಿ 40 ಕಳೆದು 1,010 ರೂಪಾಯಿ. ಅದರಲ್ಲಿ 780 ಸಂಬಳವಾಗಿ, 230 ಬಂಡವಾಳ ಲಾಭವಾಗಿ ತೆರಿಗೆಗೆ ಒಳಪಟ್ಟಿತು. ಕಟ್ಟಿದ ತೆರಿಗೆ ಷೇರಿಗೆ ಸುಮಾರು 281 ಮತ್ತು 30, ಒಟ್ಟು 311 ರೂಪಾಯಿ.

ಅವರ ಜೊತೆಯಲ್ಲೇ ಕೆಲಸ ಬಿಟ್ಟ ಸಹೋದ್ಯೋಗಿಯೊಬ್ಬರು ಸೆಪ್ಟೆಂಬರ್‌ನಲ್ಲೇ, ಹಳೆಯ ವರದಿ ಜಾರಿಯಲ್ಲಿದ್ದಾಗ, 1,240ರ ಮೌಲ್ಯದಲ್ಲಿ ಚಲಾಯಿಸಿದ್ದರು. ಅದು ಸಂಪೂರ್ಣ ಸಕ್ರಮವೇ. ಅವರೂ ಇದೇ ನಿಧಿಗೆ 1,050ಕ್ಕೆ ಮಾರಿದರು. ಅವರಿಗೂ ಬಂದ ನಿಜವಾದ ಲಾಭ 1,010 ರೂಪಾಯಿಯೇ. ಆದರೆ ಸಂಬಳವೆಂದು ತೆರಿಗೆ ಕಟ್ಟಿದ್ದು 1,200 ರೂಪಾಯಿಗೆ. ಇದೇ ಸಂಬಳದ ಮಟ್ಟದಲ್ಲಿ ಅದು ಷೇರಿಗೆ ಸುಮಾರು 451 ರೂಪಾಯಿ. ಹೆಚ್ಚಾದ 190 ರೂಪಾಯಿ ಈಗ ದೀರ್ಘಾವಧಿ ಬಂಡವಾಳ ನಷ್ಟ. ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಹೊಂದಿಸಲು ಸಾಧ್ಯವಿರುವುದು ದೀರ್ಘಾವಧಿ ಲಾಭದೊಂದಿಗೆ ಮಾತ್ರ. ಶೇ 30ಕ್ಕೂ ಮೀರಿದ ದರದಲ್ಲಿ ಕಟ್ಟಿದ್ದಕ್ಕೆ ಶೇ 12.5ರ ಪರಿಹಾರ, ಅದೂ ಮುಂದೆಂದಾದರೂ ಲಾಭ ಬಂದರೆ.

ಇದನ್ನು ನೋಡಿ ಎಲ್ಲರೂ ಹೊಸ ವರದಿಗೆ ಕಾಯಬೇಕು ಎಂದು ತೀರ್ಮಾನಿಸುವುದು ತಪ್ಪಾದೀತು. ಬೆಲೆ ಏರುತ್ತಿರುವ ಕಂಪನಿಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಹಳೆಯ ವರದಿಯ 180 ದಿನ ಮುಗಿಯುವ ಮೊದಲೇ ಚಲಾಯಿಸುವುದು ಲಾಭ. ಯಾವ ವರದಿ ಬಳಸಬೇಕೆಂದು ಉದ್ಯೋಗಿ ಆರಿಸಿಕೊಳ್ಳುವಂತಿಲ್ಲ, ಆದರೆ ಯಾವ ದಿನ ಚಲಾಯಿಸಬೇಕೆಂಬುದು ಗಡುವಿನೊಳಗೆ ಅವರ ಕೈಯಲ್ಲೇ ಇರುತ್ತದೆ. ಅದನ್ನು ನಿರ್ಧರಿಸಲು ಎಚ್‌ಆರ್ ಕಳುಹಿಸುವ ಲೆಕ್ಕದ ಹಾಳೆ ಸಾಲದು. ಮೌಲ್ಯಮಾಪನ ವರದಿಯನ್ನೇ ಕೇಳಿ, ಅದು ಯಾವ ದಿನಕ್ಕೆ ಇದ್ದಂತೆ ಮಾಡಿದ್ದು ಎಂದು ನೋಡಬೇಕು. ಕೆಲಸ ಬಿಡುವ ಮುನ್ನ ನೋಡಿದರೆ ಇನ್ನೂ ಒಳ್ಳೆಯದು. 90 ದಿನದ ಗಡಿಯಾರ ಆಗಿನ್ನೂ ಶುರುವಾಗಿರುವುದಿಲ್ಲ.

ಅವರ ಬಳಿ ಇನ್ನೂ 2,000 ಷೇರುಗಳಿವೆ. ಅವುಗಳ ಖರೀದಿ ಬೆಲೆಯೂ 820, ಎಣಿಕೆಯ ದಿನವೂ 2023ರ ಡಿಸೆಂಬರ್ 14. ಪೇಟೆಯಲ್ಲಿಲ್ಲದ ಷೇರು ಹೊಂದಿರುವವರು ಐಟಿಆರ್-1 ಬಳಸುವಂತಿಲ್ಲ. ಹಾಗಾಗಿ ಮಾರಾಟವಿರಲಿ, ಇಲ್ಲದಿರಲಿ, ಪ್ರತಿ ವರ್ಷ ಐಟಿಆರ್-2ರಲ್ಲಿ ಈ ಷೇರುಗಳ ಸಂಖ್ಯೆಯನ್ನೂ ಬೆಲೆಯನ್ನೂ ಪ್ರತ್ಯೇಕ ಪಟ್ಟಿಯಲ್ಲಿ ತೋರಿಸಬೇಕು. ಆ ಪಟ್ಟಿಯಲ್ಲಿ ಬರೆದ ಬೆಲೆಗೂ ಮುಂದೆ ಮಾರಿದಾಗ ತೋರಿಸುವ ಖರೀದಿ ಬೆಲೆಗೂ ಹೊಂದಿಕೆಯಾಗಲೆಂದು ಮೊದಲ ವರ್ಷದಿಂದಲೂ 820 ಎಂದೇ ಬರೆಯುತ್ತಿದ್ದೇವೆ.